ಡೇಟಿಂಗ್ ಆ್ಯಪ್‌ನಿಂದ ಪೂರ್ತಿ ಹೊರಬರುವುದು ಹೇಗೆ?

ಬೆಂಗಳೂರಿನಲ್ಲಿ ಕೆಲಸ ಮಾಡುವ, ಹಾಸನದ ಕಡೆಯ ಒಬ್ಬ ಯುವತಿಯನ್ನು ಕಲ್ಪಿಸಿಕೊಳ್ಳೋಣ. ಹೆಸರು ಮೇಘನಾ ಎಂದಿರಲಿ. ಎರಡು ವರ್ಷ ಟಿಂಡರ್ ಬಳಸಿದ್ದಾಳೆ, ನಾಲ್ಕಾರು ಜನರ ಜೊತೆ ಮಾತು ಬೆಳೆದಿದೆ, ಇಬ್ಬರನ್ನು ಕಾಫಿಗೆ ಭೇಟಿಯಾಗಿದ್ದಾಳೆ. ಈಗ ಮನೆಯವರು ತೋರಿಸಿದ ಹುಡುಗನೇ ಮನಸ್ಸಿಗೆ ಬಂದು ಮದುವೆ ಗೊತ್ತಾಗಿದೆ. ನಿಶ್ಚಿತಾರ್ಥ ಮುಗಿದ ರಾತ್ರಿ ಆಕೆ ಫೋನಿನಲ್ಲಿ ಟಿಂಡರ್‌ನ ಚಿಹ್ನೆಯನ್ನು ಒತ್ತಿ ಹಿಡಿದು ಅನ್‌ಇನ್‌ಸ್ಟಾಲ್ ಮಾಡಿ ನಿಶ್ಚಿಂತೆಯಿಂದ ಮಲಗುತ್ತಾಳೆ. ಕೆಲವು ವಾರ ಕಳೆದ ಮೇಲೆ ಭಾವೀ ಗಂಡನ ಗೆಳೆಯನೊಬ್ಬ ಅವನಿಗೆ ಒಂದು ಸ್ಕ್ರೀನ್‌ಶಾಟ್ ಕಳಿಸುತ್ತಾನೆ. ಅದರಲ್ಲಿ ಮೇಘನಾಳ ಫೋಟೊ, ವಯಸ್ಸು, ಅವಳೇ ಬರೆದ ನಾಲ್ಕು ಸಾಲು. "ಅಕ್ಕಾ, ನಾನು ಅದನ್ನ ಯಾವಾಗ್ಲೋ ತೆಗೆದುಹಾಕಿದ್ದೆ ಕಣೇ" ಎಂದು ಆಕೆ ಅಕ್ಕನ ಹತ್ತಿರ ಅತ್ತರೆ ಆ ಮಾತಿನಲ್ಲಿ ಸುಳ್ಳಿಲ್ಲ. ಆಕೆ ತೆಗೆದುಹಾಕಿದ್ದು ಫೋನಿನೊಳಗಿನ ಆ್ಯಪನ್ನು ಮಾತ್ರ.

ಮೇಘನಾಳ ಪ್ರೊಫೈಲ್ ಅವಳ ಫೋನಿನಲ್ಲಿ ಯಾವತ್ತೂ ಇರಲಿಲ್ಲ. ಫೋಟೊ, ಪರಿಚಯದ ಸಾಲುಗಳು, ಯಾರನ್ನು ಇಷ್ಟಪಟ್ಟಳು, ಯಾರ ಜೊತೆ ಏನು ಮಾತಾಡಿದಳು ಎಂಬುದೆಲ್ಲ ಇರುವುದು ಕಂಪನಿಯ ಸರ್ವರ್‌ಗಳಲ್ಲಿ. ಫೋನಿನಲ್ಲಿದ್ದ ಆ್ಯಪ್ ಅದನ್ನು ನೋಡುವ ಕಿಟಕಿಯಷ್ಟೇ. ಆ್ಯಪ್ ಹೋದರೂ ಖಾತೆ ಹಾಗೆಯೇ ಉಳಿಯುತ್ತದೆ. ಸಕ್ರಿಯವಾಗಿ ಬಳಸುವವರನ್ನೇ ಮುಂದಕ್ಕೆ ತೋರಿಸುತ್ತೇವೆಂದು ಕಂಪನಿಗಳು ಹೇಳುವುದರಿಂದ, ಬಳಸದೆ ಬಿಟ್ಟ ಪ್ರೊಫೈಲ್ ಹಿಂದೆ ಸರಿಯಬಹುದು. ಆದರೆ ಅಳಿಸಿಹೋಗುವುದಿಲ್ಲ. ಎರಡು ವರ್ಷ ಯಾರೂ ಬಳಸದಿದ್ದರೆ ಖಾತೆಯನ್ನು ತಾನಾಗಿಯೇ ಮುಚ್ಚುತ್ತೇನೆ ಎಂದು ಟಿಂಡರ್‌ನ ಗೌಪ್ಯತಾ ನೀತಿ ಹೇಳುತ್ತದೆ. ಮದುವೆಗೆ ಮೂರು ತಿಂಗಳಿರುವ ಹುಡುಗಿಗೆ ಎರಡು ವರ್ಷದ ಭರವಸೆಯಿಂದ ಏನು ಪ್ರಯೋಜನ?

ಇಂಥ ಆ್ಯಪ್‌ಗಳಲ್ಲಿ ಹಿಂದೆ ಸರಿಯಲು ಮೂರು ದಾರಿಗಳಿವೆ: ತಾತ್ಕಾಲಿಕವಾಗಿ ಮರೆಯಾಗುವುದು, ಒಬ್ಬರ ನಂಟು ಕಡಿದುಕೊಳ್ಳುವುದು, ಖಾತೆಯನ್ನೇ ಅಳಿಸುವುದು. ಮೂರರ ಪರಿಣಾಮವೂ ಬೇರೆ ಬೇರೆ. ಒಂದರಿಂದ ಆಗಬೇಕಾದ ಕೆಲಸ ಇನ್ನೊಂದರಿಂದ ಆಯಿತೆಂದು ನಂಬಿದಾಗಲೇ ಹೆಚ್ಚಿನವರು ಪೇಚಿಗೆ ಸಿಕ್ಕಿಕೊಳ್ಳುವುದು.

ಮರೆಯಾಗುವುದನ್ನು ಮೊದಲು ನೋಡೋಣ. ಬಂಬಲ್‌ನಲ್ಲಿ ಇದರ ಹೆಸರು ಸ್ನೂಜ್. 24 ಗಂಟೆ, 72 ಗಂಟೆ, ಒಂದು ವಾರ ಅಥವಾ ಅವಧಿಯೇ ಇಲ್ಲದಂತೆ ಪ್ರೊಫೈಲನ್ನು ಮರೆಮಾಡಬಹುದು. ಹಿಂಜ್‌ನಲ್ಲಿ ಇದನ್ನು ಪಾಸ್ ಅನ್ನುತ್ತಾರೆ. ಟಿಂಡರ್‌ನಲ್ಲಿ ಸೆಟ್ಟಿಂಗ್ಸ್ ಒಳಗೆ Discovery ಎಂಬುದನ್ನು ಆಫ್ ಮಾಡಬೇಕು. ಮೂರರಲ್ಲೂ ಆಗುವುದು ಹೆಚ್ಚುಕಡಿಮೆ ಒಂದೇ. ಹೊಸಬರ ಕಣ್ಣಿಗೆ ನೀವು ಬೀಳುವುದಿಲ್ಲ, ಈಗಾಗಲೇ ಮ್ಯಾಚ್ ಆದವರ ಪಟ್ಟಿ ಮತ್ತು ಮಾತುಕತೆ ಹಾಗೇ ಉಳಿಯುತ್ತದೆ, ಅವರು ಸಂದೇಶ ಕಳಿಸಬಹುದು, ನೀವು ಉತ್ತರಿಸಬಹುದು. ಪರೀಕ್ಷೆ, ಊರಿನ ಹಬ್ಬ, ಮನಸ್ಸು ಬೇಸತ್ತ ದಿನಗಳು, ಅಥವಾ ಒಬ್ಬರ ಜೊತೆ ಪರಿಚಯ ಗಟ್ಟಿಯಾಗುತ್ತಿರುವಾಗ ಬೇರೆಯವರು ಬೇಡ ಅನ್ನಿಸಿದಾಗ ಇದು ಒಳ್ಳೆಯ ಏರ್ಪಾಡು.

ಇದರಲ್ಲಿ ಒಂದು ಸಣ್ಣ ಕಿಂಡಿ ಇದೆ. ನೀವು ಮೊದಲೇ ಇಷ್ಟಪಟ್ಟು ಬಲಕ್ಕೆ ಸರಿಸಿದವರಿಗೆ, ಅವರು ಇನ್ನೂ ನಿಮ್ಮನ್ನು ನೋಡಿರದಿದ್ದರೆ, ಮರೆಯಾದ ಮೇಲೂ ನಿಮ್ಮ ಪ್ರೊಫೈಲ್ ಕಾಣಬಹುದು, ಅವರು ಮ್ಯಾಚ್ ಕೂಡ ಆಗಬಹುದು ಎಂದು ಟಿಂಡರ್ ತಾನೇ ಆ ಆಯ್ಕೆಯ ಕೆಳಗೆ ಬರೆದಿದೆ. ಮೇಘನಾ ಅನ್‌ಇನ್‌ಸ್ಟಾಲ್ ಮಾಡುವ ಬದಲು ಮರೆಯಾಗುವ ಆಯ್ಕೆ ಒತ್ತಿದ್ದರೂ, ಹಿಂದೊಮ್ಮೆ ಆಕೆ ಇಷ್ಟಪಟ್ಟವರ ಪೈಕಿ ಒಬ್ಬರಿಗೆ ಆಕೆ ಕಾಣಿಸುವ ಸಾಧ್ಯತೆ ಉಳಿದೇ ಇರುತ್ತಿತ್ತು. ವಿರಾಮಕ್ಕೆ ಇದು ಸಾಕು, ವಿದಾಯಕ್ಕೆ ಸಾಲದು.

ಖಾತೆ ಅಳಿಸಲು ಹೋದಾಗ ಟಿಂಡರ್ ಮೊದಲು ಈ ಮರೆಯಾಗುವ ದಾರಿಯನ್ನೇ ಮುಂದಿಡುತ್ತದೆ. ಅವಸರದಲ್ಲಿ ಅದನ್ನೇ ಒತ್ತಿ, ಕೆಲಸ ಆಯಿತೆಂದುಕೊಂಡು ಆ್ಯಪ್ ತೆಗೆದುಬಿಡುವವರಿದ್ದಾರೆ. ಹೀಗಾಗಿದೆಯೇ ಎಂದು ತಿಳಿಯುವ ದಾರಿ ಸುಲಭ. ಆ್ಯಪನ್ನು ಮತ್ತೆ ಹಾಕಿಕೊಂಡು ಹಳೆಯ ಫೋನ್ ನಂಬರಿನಿಂದ ಒಳಗೆ ಹೋಗಿ. ಹಳೆಯ ಫೋಟೊಗಳು ಕಂಡರೆ ಖಾತೆ ಜೀವಂತವಾಗಿದೆ. ಹೊಸದಾಗಿ ಹೆಸರು, ಹುಟ್ಟಿದ ದಿನಾಂಕ ಕೇಳಿದರೆ ಹಳೆಯದು ಹೋಗಿದೆ. ಆಗ ಏನನ್ನೂ ತುಂಬದೆ ಹೊರಬಂದುಬಿಡಿ.

ಇನ್ನು ಅನ್‌ಮ್ಯಾಚ್. ಈ ಬರಹದಲ್ಲಿ ನಾನು ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗ ಇದು. ಏಕೆಂದರೆ ಇಲ್ಲಿ ಅಳಿಸುವ ಗುಂಡಿ ಒಬ್ಬರ ಕೈಯಲ್ಲಿದೆ, ಅಳಿಸಿಹೋಗುವ ಮಾತು ಇಬ್ಬರದು.

ಟಿಂಡರ್‌ನಲ್ಲಿ ಒಬ್ಬರ ಜೊತೆಗಿನ ಮಾತುಕತೆಯನ್ನು ತೆರೆದು, ಮೇಲಿನ ಕವಚದ ಚಿಹ್ನೆ ಒತ್ತಿದರೆ Unmatch ಸಿಗುತ್ತದೆ. ಬಂಬಲ್ ಮತ್ತು ಹಿಂಜ್‌ನಲ್ಲಿ ಅದು ಮೂರು ಚುಕ್ಕಿಗಳ ಹಿಂದೆ ಇರುತ್ತದೆ. ಟಿಂಡರ್‌ನಲ್ಲಿ ಹಾಗೆ ಒತ್ತಿದ ಕ್ಷಣ ಆ ವ್ಯಕ್ತಿ ನಿಮ್ಮ ಪಟ್ಟಿಯಿಂದ ಹೋಗುತ್ತಾರೆ, ನೀವು ಅವರ ಪಟ್ಟಿಯಿಂದ ಹೋಗುತ್ತೀರಿ, ಇಬ್ಬರ ಫೋನಿನಲ್ಲೂ ಮಾತುಕತೆ ಮಾಯವಾಗುತ್ತದೆ. ಆ ಕಡೆಯವರಿಗೆ ಸೂಚನೆಯೂ ಹೋಗುವುದಿಲ್ಲ, ಕಾರಣವೂ ತಿಳಿಯುವುದಿಲ್ಲ. ಒಮ್ಮೆ ಒತ್ತಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವಂತೆಯೂ ಇಲ್ಲ.

ಅಹಿತವೆನಿಸಿದ ಸಂಭಾಷಣೆಯಿಂದ ಯಾರಿಗೂ ಸಮಜಾಯಿಷಿ ಕೊಡದೆ ಎದ್ದುಹೋಗುವ ಅವಕಾಶ ಎಲ್ಲರಿಗೂ ಇರಬೇಕು, ಹೆಣ್ಣುಮಕ್ಕಳಿಗಂತೂ ಇರಲೇಬೇಕು. ಆದರೆ ಇದೇ ಗುಂಡಿ ತಪ್ಪಿತಸ್ಥನ ಕೈಯಲ್ಲೂ ಇದೆ. 2020ರ ಅಕ್ಟೋಬರ್‌ನಲ್ಲಿ ಆಸ್ಟ್ರೇಲಿಯಾದ ಸಾರ್ವಜನಿಕ ಪ್ರಸಾರ ಸಂಸ್ಥೆ ಎಬಿಸಿಯ ಪತ್ರಕರ್ತರು ಡೇಟಿಂಗ್ ಆ್ಯಪ್‌ಗಳ ಮೂಲಕ ನಡೆದ ಲೈಂಗಿಕ ದೌರ್ಜನ್ಯಗಳ ಬಗ್ಗೆ ಒಂದು ತನಿಖಾ ವರದಿ ಪ್ರಸಾರ ಮಾಡಿದರು. ಅದರಲ್ಲಿ ಹೊರಬಿದ್ದ ಒಂದು ಸಂಗತಿ ಇದು: ದೌರ್ಜನ್ಯ ಎಸಗಿದವರು ಕೂಡಲೇ ಸಂತ್ರಸ್ತೆಯನ್ನು ಅನ್‌ಮ್ಯಾಚ್ ಮಾಡಿಬಿಡುತ್ತಿದ್ದರು. ಆಕೆ ದೂರು ಕೊಡಲು ಆ್ಯಪ್ ತೆರೆದರೆ ಅಲ್ಲಿ ಆತನ ಹೆಸರೂ ಇಲ್ಲ, ಫೋಟೊ ಇಲ್ಲ, ಆಡಿದ ಮಾತೂ ಇಲ್ಲ. ಯಾರ ಮೇಲೆ ದೂರು ಕೊಡುವುದು? ಆ ಹೊತ್ತಿನಲ್ಲಿ ಬಂಬಲ್ ತನ್ನ ಪದ್ಧತಿ ಬದಲಿಸಿತು. ಅನ್‌ಮ್ಯಾಚ್ ಆದವರ ಪಟ್ಟಿಯಿಂದ ಮಾತುಕತೆ ಪೂರ್ತಿ ಕಾಣೆಯಾಗುವ ಬದಲು ಅಳಿಸಿದ ಖಾತೆ ಎಂಬ ಗುರುತಿನಲ್ಲಿ ಉಳಿಯುವಂತೆ, ಅದನ್ನು ಒತ್ತಿ ದೂರು ಕೊಡಲು ಬರುವಂತೆ ಮಾಡಿತು. ಟಿಂಡರ್‌ನಲ್ಲಿ ಮ್ಯಾಚ್ ಹೋದ ಮೇಲೂ ಸಹಾಯ ಕೇಂದ್ರದ ಮೂಲಕ ದೂರು ಬರೆಯಬಹುದು. ಪರದೆಯಿಂದ ಹೋದ ಮಾತು ಸರ್ವರ್‌ನಿಂದಲೂ ಅದೇ ಕ್ಷಣ ಹೋಗಿರುವುದಿಲ್ಲವಾದ್ದರಿಂದ ಅಂಥ ದೂರನ್ನು ಪರಿಶೀಲಿಸಲು ಕಂಪನಿಗೆ ಅವಕಾಶ ಇರುತ್ತದೆ.

ಮೇಘನಾಳ ಕಥೆಗೆ ಬರೋಣ. ಆಕೆಯ ಹಳೆಯ ಮ್ಯಾಚ್‌ಗಳಲ್ಲಿ ಒಬ್ಬ ಭೇಟಿಗೆ ಒಪ್ಪದಿದ್ದಾಗ ಕೆಟ್ಟದಾಗಿ ಬರೆದಿದ್ದ ಎಂದುಕೊಳ್ಳಿ. "ನಿಮ್ಮ ಮನೆಯವರಿಗೆ ಹೇಳ್ತೀನಿ" ಎಂಬ ಬೆದರಿಕೆಯೂ ಅದರಲ್ಲಿತ್ತು. ಇಂಥವನನ್ನು ಕೂಡಲೇ ಕಿತ್ತೆಸೆಯಬೇಕು ಅನ್ನಿಸುವುದು ಸಹಜ. ಆದರೆ ಆ ಗುಂಡಿ ಕೊನೆಯ ಕೆಲಸವಾಗಬೇಕು. ಮೊದಲು ಆತನ ಪ್ರೊಫೈಲಿನ ಎಲ್ಲ ಫೋಟೊ ಮತ್ತು ಬರಹದ, ಆಮೇಲೆ ಇಡೀ ಮಾತುಕತೆಯ ಸ್ಕ್ರೀನ್‌ಶಾಟ್ ತೆಗೆಯಬೇಕು. ಬೆದರಿಕೆಯ ಸಾಲು ಮಾತ್ರ ಸಾಲದು. ಅದರ ಹಿಂದುಮುಂದಿನ ಮಾತು, ದಿನ, ಸಮಯ ಕಾಣುವಂತಿರಬೇಕು. ನಂತರ ಆ್ಯಪ್‌ನೊಳಗೇ ರಿಪೋರ್ಟ್ ಮಾಡಬೇಕು. ಬೆದರಿಕೆ ಗಂಭೀರವಾಗಿದ್ದರೆ cybercrime.gov.in ಜಾಲತಾಣದಲ್ಲಿ ಅಥವಾ ಹತ್ತಿರದ ಠಾಣೆಯಲ್ಲಿ ದೂರು ಕೊಡಬಹುದು. ಹಣ ಕಳೆದುಕೊಂಡಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಪ್ರಕರಣ ನ್ಯಾಯಾಲಯದವರೆಗೆ ಹೋದರೆ ಸ್ಕ್ರೀನ್‌ಶಾಟ್‌ನಂಥ ವಿದ್ಯುನ್ಮಾನ ದಾಖಲೆಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಪ್ರಮಾಣಪತ್ರ ಬೇಕಾಗುತ್ತದೆ. ಆದ್ದರಿಂದ ಸ್ಕ್ರೀನ್‌ಶಾಟ್ ತೆಗೆದ ಫೋನನ್ನು ಮಾರುವುದಾಗಲೀ ಎಲ್ಲವನ್ನೂ ಅಳಿಸಿ ಹೊಸದರಂತೆ ಮಾಡುವುದಾಗಲೀ ಬೇಡ. ಇಷ್ಟೆಲ್ಲ ಆದ ಮೇಲೆ ಅನ್‌ಮ್ಯಾಚ್.

ಇನ್ನೊಂದು ದಿಕ್ಕಿನಿಂದಲೂ ಯೋಚಿಸಬೇಕು. ನಿನ್ನೆಯವರೆಗೆ ಚೆನ್ನಾಗಿ ಮಾತಾಡುತ್ತಿದ್ದ ಒಬ್ಬರು ಇವತ್ತು ಪಟ್ಟಿಯಲ್ಲಿ ಇಲ್ಲ. ನನ್ನಿಂದೇನು ತಪ್ಪಾಯಿತು ಎಂದು ಕೊರಗುವವರು ಬಹಳ. ಆದರೆ ಪರದೆಯ ಮೇಲಿನ ಖಾಲಿ ಜಾಗ ಕಾರಣ ಹೇಳುವುದಿಲ್ಲ. ಅವರು ಅನ್‌ಮ್ಯಾಚ್ ಮಾಡಿರಬಹುದು, ತಮ್ಮ ಖಾತೆಯನ್ನೇ ಅಳಿಸಿರಬಹುದು, ಅಥವಾ ಕಂಪನಿಯೇ ಅವರನ್ನು ಹೊರಹಾಕಿರಬಹುದು. ಮೂರರಲ್ಲೂ ಟಿಂಡರ್‌ನಲ್ಲಿ ಕಾಣುವುದು ಒಂದೇ. ಒಬ್ಬರು ಮಾತ್ರ ಹೋಗಿದ್ದರೆ ಈ ಮೂರರಲ್ಲಿ ಒಂದು. ಇಡೀ ಪಟ್ಟಿಯೇ ಬರಿದಾಗಿದ್ದರೆ ಅದು ಬಹುಮಟ್ಟಿಗೆ ತಾಂತ್ರಿಕ ತೊಡಕು, ಹೊರಬಂದು ಮತ್ತೆ ಲಾಗಿನ್ ಆಗಿ ನೋಡಬೇಕು.

ಹಾಗಾಗಿಯೇ, ಖಾತೆ ಅಳಿಸುವ ಮೊದಲು ನಿಜವಾಗಿ ಸ್ನೇಹದಿಂದ ಮಾತಾಡಿದವರಿಗೆ ಎರಡು ಸಾಲು ಬರೆದು ಹೋಗುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. "ನನಗೆ ಮದುವೆ ಗೊತ್ತಾಗಿದೆ, ಇಲ್ಲಿಂದ ಹೊರಡುತ್ತಿದ್ದೇನೆ, ನಿಮಗೆ ಒಳ್ಳೆಯದಾಗಲಿ" ಅಂದರೆ ಸಾಕು. ಒಂದು ದಿನ ಬಿಟ್ಟು ಖಾತೆ ಅಳಿಸಿದರೆ ಅವರು ಓದಿರುತ್ತಾರೆ. ಕೂಡಲೇ ಅಳಿಸಿದರೆ ಆ ಸಂದೇಶವೂ ಮಾತುಕತೆಯ ಜೊತೆಗೇ ಹೋಗುತ್ತದೆ.

ಹಳೆಯ ಮಾತುಗಳಲ್ಲಿ ಕೆಲವನ್ನು ಉಳಿಸಿಕೊಳ್ಳಬೇಕು ಅನ್ನಿಸಿದರೆ ಅದಕ್ಕೂ ಅಳಿಸುವ ಮುನ್ನವೇ ಸಮಯ. ಟಿಂಡರ್‌ನವರು account.gotinder.com/data ಎಂಬ ವಿಳಾಸದಲ್ಲಿ ನಿಮ್ಮ ಮಾಹಿತಿಯ ಪ್ರತಿಯನ್ನು ಕೊಡುತ್ತಾರೆ. ಕೇಳಿದ ತಕ್ಷಣ ಸಿಗುವುದಿಲ್ಲ, ಸಿದ್ಧವಾದ ಮೇಲೆ ಇಮೇಲ್ ಬರುತ್ತದೆ. ಅದನ್ನು ತೆರೆದವರಿಗೆ ಒಂದು ಅಚ್ಚರಿ ಕಾದಿರುತ್ತದೆ. ಅದರಲ್ಲಿ ನೀವು ಕಳಿಸಿದ ಸಂದೇಶಗಳು ಮಾತ್ರ ಇರುತ್ತವೆ, ಆ ಕಡೆಯವರು ಬರೆದದ್ದು ಇರುವುದಿಲ್ಲ. ಹೆಸರುಗಳ ಬದಲು ಮ್ಯಾಚ್ ಒಂದು, ಮ್ಯಾಚ್ ಎರಡು ಎಂಬಂಥ ಗುರುತುಗಳಿರುತ್ತವೆ. ಅವರ ಮಾತು ಅವರ ಖಾಸಗಿ ಮಾಹಿತಿ, ನಿಮ್ಮದು ನಿಮ್ಮದು ಎಂಬ ಲೆಕ್ಕ. ಹೀಗಾಗಿ ಇಬ್ಬರ ಮಾತೂ ಬೇಕಿದ್ದರೆ ಸ್ಕ್ರೀನ್‌ಶಾಟ್ ಒಂದೇ ದಾರಿ. ಇದರ ಅರ್ಥ, ಆ ಕಡೆಯವರ ಫೋನಿನಲ್ಲೂ ನಿಮ್ಮ ಮಾತಿನ ಸ್ಕ್ರೀನ್‌ಶಾಟ್ ಇರಬಹುದು ಎಂದೂ ಹೌದು. ಅದನ್ನು ಯಾವ ಆ್ಯಪ್‌ನ ಯಾವ ಗುಂಡಿಯೂ ಅಳಿಸಲಾರದು. ವಾಟ್ಸ್ಆ್ಯಪ್‌ಗೋ ಇನ್‌ಸ್ಟಾಗ್ರಾಂಗೋ ದಾಟಿದ ಮಾತುಕತೆಯೂ ಹಾಗೆಯೇ. ಅದನ್ನು ಅಲ್ಲಲ್ಲೇ ಬೇರೆಯಾಗಿ ನೋಡಿಕೊಳ್ಳಬೇಕು.

ಒಬ್ಬರ ಬಗ್ಗೆ ಕಂಪನಿಯ ಬಳಿ ಎಷ್ಟು ಇರುತ್ತದೆ ಎಂಬುದು ಜಗತ್ತಿಗೆ ಎದ್ದು ಕಂಡದ್ದು 2017ರಲ್ಲಿ. ಫ್ರಾನ್ಸಿನ ಪತ್ರಕರ್ತೆ ಜುಡಿತ್ ದ್ಯುಪೋರ್ತೈ ಯುರೋಪಿನ ಕಾನೂನಿನ ಬಲದಿಂದ ತನ್ನ ಮಾಹಿತಿಯನ್ನು ಟಿಂಡರ್‌ನಿಂದ ಕೇಳಿದಾಗ ಬಂದದ್ದು 800 ಪುಟ. ಆಕೆ ಕಳಿಸಿದ 1,700 ಸಂದೇಶಗಳು ಅದರಲ್ಲಿದ್ದವು. ಆ ಅನುಭವವನ್ನು ಆಕೆ ದಿ ಗಾರ್ಡಿಯನ್ ಪತ್ರಿಕೆಯಲ್ಲಿ ಬರೆದರು. ತಾನೇ ಮರೆತ ಮಾತುಗಳನ್ನು ಯಾರೋ ಇಷ್ಟು ಜತನದಿಂದ ಇಟ್ಟಿದ್ದಾರೆ ಎಂದು ತಿಳಿಯುವುದು ಯಾರಿಗಾದರೂ ಕಸಿವಿಸಿಯ ಸಂಗತಿ.

ಈಗ ಅಳಿಸುವುದಕ್ಕೆ ಬರೋಣ. ಅದಕ್ಕೂ ಮುಂಚೆ ದುಡ್ಡಿನ ವಿಷಯ. ಗೋಲ್ಡ್, ಪ್ರೀಮಿಯಂ ಮುಂತಾದ ಚಂದಾ ತೆಗೆದುಕೊಂಡಿದ್ದರೆ ಆ್ಯಪ್ ತೆಗೆದರೂ ಅದು ನಿಲ್ಲುವುದಿಲ್ಲ. ಗೂಗಲ್ ಪ್ಲೇ ಅಥವಾ ಆ್ಯಪಲ್ ಮೂಲಕ ಹಣ ಕಟ್ಟಿದ್ದರೆ ಖಾತೆಯನ್ನೇ ಅಳಿಸಿದರೂ ನಿಲ್ಲುವುದಿಲ್ಲ. ಆ ಒಪ್ಪಂದ ಇರುವುದು ನಿಮ್ಮ ಮತ್ತು ಆ ಅಂಗಡಿಯ ನಡುವೆ. ಆಂಡ್ರಾಯ್ಡ್ ಫೋನಾದರೆ ಪ್ಲೇ ಸ್ಟೋರ್ ತೆರೆದು, ನಿಮ್ಮ ಚಿತ್ರ ಒತ್ತಿ, Payments & subscriptions ಒಳಗೆ Subscriptions ಎಂಬಲ್ಲಿ ರದ್ದು ಮಾಡಬೇಕು. ಐಫೋನಾದರೆ ಸೆಟ್ಟಿಂಗ್ಸ್‌ನಲ್ಲಿ ಮೇಲಿರುವ ನಿಮ್ಮ ಹೆಸರನ್ನು ಒತ್ತಿ Subscriptions ನೋಡಬೇಕು. ಮುಂದಿನ ಕಂತು ಕಡಿತವಾಗುವ ದಿನಕ್ಕೆ ಕನಿಷ್ಠ ಒಂದು ದಿನ ಮೊದಲೇ ಈ ಕೆಲಸ ಮುಗಿದಿರಬೇಕು.

ಆಮೇಲೆ ಆ್ಯಪ್‌ನೊಳಗೆ ಸೆಟ್ಟಿಂಗ್ಸ್‌ನ ತೀರಾ ಕೆಳಗೆ Delete Account ಸಿಗುತ್ತದೆ. ಮೊದಲೆಲ್ಲ ಕೆಲವು ಆ್ಯಪ್‌ಗಳಲ್ಲಿ ಈ ಗುಂಡಿ ಹುಡುಕುವುದೇ ಸಾಹಸವಾಗಿತ್ತು. ಖಾತೆ ತೆರೆಯಲು ಅವಕಾಶವಿರುವ ಆ್ಯಪ್‌ನೊಳಗೇ ಅದನ್ನು ಅಳಿಸುವ ಅವಕಾಶವೂ ಇರಲೇಬೇಕೆಂದು ಆ್ಯಪಲ್ 2022ರ ಜೂನ್ 30ರಿಂದ ಕಡ್ಡಾಯ ಮಾಡಿತು. ಗೂಗಲ್ 2023ರಲ್ಲಿ ಇಂಥದೇ ನಿಯಮ ಘೋಷಿಸಿತು. ಹಾಗಾಗಿ ಈಗ ಎಲ್ಲ ದೊಡ್ಡ ಆ್ಯಪ್‌ಗಳಲ್ಲೂ ಅದು ಸಿಗುತ್ತದೆ. ಒಂದು ಮಾತು ನೆನಪಿರಲಿ: ಟಿಂಡರ್ ಮತ್ತು ಹಿಂಜ್ ಎರಡೂ ಮ್ಯಾಚ್ ಗ್ರೂಪ್ ಎಂಬ ಒಂದೇ ಕಂಪನಿಯವು. ಆದರೂ ಒಂದರಲ್ಲಿ ಅಳಿಸಿದರೆ ಇನ್ನೊಂದರಲ್ಲಿ ಅಳಿಸಿದಂತಾಗುವುದಿಲ್ಲ. ಎರಡರಲ್ಲೂ ಇದ್ದವರು ಎರಡು ಕಡೆಯೂ ಅಳಿಸಬೇಕು.

ಅಳಿಸಿದ ಮೇಲೆ ಪ್ರೊಫೈಲ್, ಮ್ಯಾಚ್‌ಗಳು, ಮಾತುಕತೆ ನಿಮಗೂ ಸಿಗುವುದಿಲ್ಲ, ಅವರಿಗೂ ಸಿಗುವುದಿಲ್ಲ. ನಾಳೆ ಅದೇ ನಂಬರಿನಿಂದ ಬಂದರೂ ಹೊಸಬರಾಗಿಯೇ ಶುರು ಮಾಡಬೇಕು. ಆದರೆ ಸರ್ವರ್‌ನಲ್ಲಿ ಆ ದಿನವೇ ಎಲ್ಲ ಬೂದಿಯಾಗುವುದಿಲ್ಲ. ಖಾತೆ ಮುಚ್ಚಿದ ಮೇಲೆ ಮೂರು ತಿಂಗಳು, ಕಂಪನಿಯೇ ಹೊರಹಾಕಿದ ಖಾತೆಯಾದರೆ ಒಂದು ವರ್ಷ, ಸುರಕ್ಷತೆಯ ಕಾರಣಕ್ಕೆ ಮಾಹಿತಿ ಇಟ್ಟುಕೊಳ್ಳುತ್ತೇನೆಂದು ಟಿಂಡರ್‌ನ ನೀತಿ ಹೇಳುತ್ತದೆ. ಕಿರುಕುಳ ಕೊಟ್ಟವನು ಖಾತೆ ಅಳಿಸಿ ಪಾರಾಗಬಾರದು ಎಂಬ ದೃಷ್ಟಿಯಿಂದ ಇದು ಬೇಕಾದ ಏರ್ಪಾಡೇ. ಹಣ ಕಟ್ಟಿದ ದಾಖಲೆಗಳು ತೆರಿಗೆ ಲೆಕ್ಕಕ್ಕಾಗಿ ಇನ್ನೂ ಹೆಚ್ಚು ಕಾಲ ಉಳಿಯುತ್ತವೆ. ಇದಲ್ಲದೆ ನಮ್ಮ ದೇಶದ 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ, ನೋಂದಣಿಗೆಂದು ಪಡೆದ ಮಾಹಿತಿಯನ್ನು ಖಾತೆ ರದ್ದಾದ ಮೇಲೂ 180 ದಿನ ಇಟ್ಟಿರಬೇಕು. ಪೊಲೀಸರು ಕೇಳಿದರೆ ಕೊಡಲು ಇರಲಿ ಎಂಬುದು ಇದರ ಹಿಂದಿನ ಯೋಚನೆ.

ಇಟ್ಟುಕೊಂಡದ್ದು ಸೋರಿಹೋದರೆ? 2015ರಲ್ಲಿ ಅದೂ ನಡೆದುಹೋಗಿದೆ. ಕೆನಡಾದ ಆ್ಯಶ್ಲಿ ಮ್ಯಾಡಿಸನ್ ಎಂಬ ತಾಣ, ಪ್ರೊಫೈಲನ್ನು ಪೂರ್ತಿ ಅಳಿಸಲು 19 ಡಾಲರ್ ಶುಲ್ಕ ಪಡೆಯುತ್ತಿತ್ತು. ಆ ವರ್ಷ ದಾಳಿಕೋರರು ಅಲ್ಲಿನ ಮಾಹಿತಿಯನ್ನೆಲ್ಲ ಕದ್ದು ಬಹಿರಂಗಪಡಿಸಿದಾಗ, ಹಣ ಕೊಟ್ಟು ಅಳಿಸಿಕೊಂಡವರ ವಿವರಗಳೂ ಅದರಲ್ಲಿದ್ದವು. ಶುಲ್ಕ ಪಡೆದ ಮೇಲೂ ಕೆಲವರ ಮಾಹಿತಿಯನ್ನು 12 ತಿಂಗಳವರೆಗೆ ಉಳಿಸಿಕೊಳ್ಳಲಾಗಿತ್ತು ಎಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಆರೋಪಿಸಿತು. 2016ರಲ್ಲಿ ಆ ಕಂಪನಿ 16 ಲಕ್ಷ ಡಾಲರ್ ತೆತ್ತು ರಾಜಿ ಮಾಡಿಕೊಂಡಿತು. ಆದರೆ ಹೊರಬಿದ್ದ ಹೆಸರುಗಳನ್ನು ಯಾರೂ ವಾಪಸ್ ತರಲಾಗಲಿಲ್ಲ.

ಈ ಕಾರಣಕ್ಕೇ ನಾನು ಒಂದು ಸಲಹೆ ಕೊಡುತ್ತೇನೆ. ಅಳಿಸುವ ಮೊದಲು ಪ್ರೊಫೈಲಿನಲ್ಲಿ ಕೆಲಸದ ಜಾಗ, ಕಾಲೇಜು ಮತ್ತು ಪರಿಚಯದ ಸಾಲುಗಳನ್ನು ಕೈಯಾರೆ ಖಾಲಿ ಮಾಡಿ, ಇನ್‌ಸ್ಟಾಗ್ರಾಂ, ಸ್ಪಾಟಿಫೈ ಜೋಡಿಸಿದ್ದರೆ ಬಿಡಿಸಿಬಿಡಿ. ಸರ್ವರ್‌ನಲ್ಲಿನ ಹಳೆಯ ಪ್ರತಿಗಳು ಇದರಿಂದ ಹೋಗುತ್ತವೆಂಬ ಖಾತರಿಯಿಲ್ಲ. ಆದರೂ ಅಳಿಸುವ ಕ್ರಮದಲ್ಲಿ ಎಲ್ಲೋ ಎಡವಟ್ಟಾಗಿ ಖಾತೆ ಉಳಿದುಬಿಟ್ಟರೆ, ಕಾಣುವವರಿಗೆ ಕಾಣುವುದು ಕಡಿಮೆಯಾಗುತ್ತದೆ. ಗೂಗಲ್ ಅಥವಾ ಫೇಸ್‌ಬುಕ್ ಮೂಲಕ ಲಾಗಿನ್ ಆಗುತ್ತಿದ್ದವರು ಆ ಖಾತೆಗಳ ಸೆಟ್ಟಿಂಗ್ಸ್‌ಗೆ ಹೋಗಿ ಡೇಟಿಂಗ್ ಆ್ಯಪ್‌ಗೆ ಕೊಟ್ಟ ಅನುಮತಿಯನ್ನೂ ತೆಗೆಯಬೇಕು.

ಮಾಹಿತಿ ಅಳಿಸಿ ಎಂದು ಕೇಳುವ ಹಕ್ಕು ನಮ್ಮಲ್ಲೂ ಕಾನೂನಾಗಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 12ನೇ ಸೆಕ್ಷನ್ ಅದನ್ನು ಕೊಡುತ್ತದೆ. ಅದರ ನಿಯಮಗಳು ಪ್ರಕಟವಾದದ್ದು 2025ರ ನವೆಂಬರ್‌ನಲ್ಲಿ, ಕಂಪನಿಗಳಿಗೆ ಸಿದ್ಧವಾಗಲು ಕೊಟ್ಟ ಅವಧಿ ಹದಿನೆಂಟು ತಿಂಗಳು. ಬೇರೆ ಕಾನೂನಿನ ಪ್ರಕಾರ ಇಟ್ಟುಕೊಳ್ಳಲೇಬೇಕಾದ ಮಾಹಿತಿಗೆ ಈ ಹಕ್ಕು ತಾಗುವುದಿಲ್ಲ.

ಮೇಘನಾ ಈಗ ಮಾಡಬೇಕಾದದ್ದು ಇಷ್ಟು. ಆ್ಯಪನ್ನು ಮತ್ತೆ ಹಾಕಿಕೊಂಡು ಅದೇ ನಂಬರಿನಿಂದ ಒಳಗೆ ಹೋಗಿ, ಮೊದಲು ಡಿಸ್ಕವರಿ ಆಫ್ ಮಾಡಬೇಕು, ಅಲ್ಲಿಗೆ ಹೊಸಬರ ಕಣ್ಣಿನಿಂದ ಆಕೆ ಮರೆಯಾಗುತ್ತಾಳೆ. ಬೆದರಿಸಿದವನ ಮಾತುಕತೆಯನ್ನು ದಾಖಲಿಸಿ, ರಿಪೋರ್ಟ್ ಮಾಡಬೇಕು. ಚಂದಾ ಇದೆಯೇ ಎಂದು ಪ್ಲೇ ಸ್ಟೋರ್‌ನಲ್ಲಿ ನೋಡಬೇಕು. ತನ್ನ ಮಾಹಿತಿಯ ಪ್ರತಿಗೆ ಕೋರಿಕೆ ಕೊಟ್ಟು ಅದು ಕೈಸೇರುವವರೆಗೆ ಕಾಯಬೇಕು. ಆಮೇಲೆ ಖಾತೆ ಅಳಿಸಿ, ಕೊನೆಗೆ ಆ್ಯಪನ್ನು ಅನ್‌ಇನ್‌ಸ್ಟಾಲ್ ಮಾಡಬೇಕು. ಖಾತೆ ಅಳಿಸಿದ ದಿನಾಂಕವನ್ನು ಬರೆದಿಟ್ಟುಕೊಂಡು, ಮುಂದಿನ ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಆ ದಿನದ ನಂತರ ಯಾವ ಕಂತೂ ಕಡಿತವಾಗಿಲ್ಲವೆಂದು ಒಮ್ಮೆ ನೋಡಿಕೊಂಡರೆ ಆಕೆಯ ಕಡೆಯಿಂದ ಆಗಬೇಕಾದ ಕೆಲಸ ಮುಗಿಯುತ್ತದೆ.